ಒಂದು ಕೆಂಪು ಲಂಗ, ಒಂದು ಗಂಟು ಬಿಳಿ ಬಟ್ಟೆ

ಗುರುವಾರ ಸಂಜೆ ತಂಗಿ ಫೋನ್ ಮಾಡಿದಾಗ ಅವಳ ದನಿ ಅಳುವಿನ ಅಂಚಿನಲ್ಲಿತ್ತು. ಗೌರಿ ಹಬ್ಬಕ್ಕೆ ಕೊಂಡಿದ್ದ ಹೊಸ ಕೆಂಪು ಒಳಲಂಗವೊಂದು ಬಿಳಿ ಬಟ್ಟೆಗಳ ನಡುವೆ ಸೇರಿ ವಾಷಿಂಗ್ ಮೆಷಿನ್‌ಗೆ ಹೋಗಿತ್ತು. ಅದು ಸಾಲದೆಂಬಂತೆ ನಡುವೆ ಕರೆಂಟ್ ಹೋಗಿ, ಬಟ್ಟೆಗಳೆಲ್ಲ ಆ ಕೆಂಪು ನೀರಿನಲ್ಲೇ ಒಂದೂವರೆ ಗಂಟೆ ನೆನೆದಿದ್ದವು. ಮಗನ ಶನಿವಾರದ ಬಿಳಿ ಸಮವಸ್ತ್ರದ ಎರಡು ಅಂಗಿ, ಮೂರು ಬನಿಯನ್, ಮಾವನವರ ಹಸಿರಂಚಿನ ಹತ್ತಿ ಪಂಚೆ, ದೊಡ್ಡದೊಂದು ಬೆಡ್‌ಶೀಟ್, ಎರಡು ಜೊತೆ ಶಾಲೆಯ ಕಾಲುಚೀಲ, ಎಲ್ಲವೂ ಗುಲಾಬಿ.

ನಾನು ಕೇಳಿದ ಮೊದಲ ಪ್ರಶ್ನೆ, "ಒಣಹಾಕಿಲ್ಲ ತಾನೆ?"

"ಇಲ್ಲ ಅಕ್ಕ, ಇನ್ನೂ ಬಕೆಟ್‌ನಲ್ಲೇ ಇವೆ."

"ಹಾಗಾದರೆ ಲಂಗವನ್ನು ಈಗಲೇ ತೆಗೆದು ಬೇರೆ ಇಡು. ಉಳಿದದ್ದರ ಮೇಲೆ ತಣ್ಣೀರು ಸುರಿ. ನಾನು ಬರುತ್ತೇನೆ."

ಬಟ್ಟೆಗೆ ಬಣ್ಣ ಹಾಕುವ ಘಟಕವೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ನನಗೆ, ಬಣ್ಣವನ್ನು ನೂಲಿಗೆ ಹತ್ತಿಸುವುದು ಎಷ್ಟು ಕಷ್ಟವೆಂದು ಗೊತ್ತು. ಹಾಗಾಗಿಯೇ ಇಂಥ ಹೊತ್ತಿನಲ್ಲಿ ಧೈರ್ಯ ಹೇಳಬಲ್ಲೆ. ಆಕಸ್ಮಿಕವಾಗಿ ಹತ್ತಿದ ಬಣ್ಣ ನೂಲಿನಲ್ಲಿ ಇನ್ನೂ ಭದ್ರವಾಗಿ ಕುಳಿತಿರುವುದಿಲ್ಲ. ಬಟ್ಟೆ ಒದ್ದೆಯಾಗಿರುವವರೆಗೆ ಅದಕ್ಕೆ ಹೊರಬರಲು ದಾರಿ ತೆರೆದೇ ಇರುತ್ತದೆ. ನೀರು ಆರಿದಂತೆ ಬಣ್ಣದ ಕಣಗಳು ನೂಲಿಗೆ ಇನ್ನಷ್ಟು ಹತ್ತಿರವಾಗಿ ಅಂಟಿಕೊಳ್ಳುತ್ತವೆ. ಮೇಲೆ ಇಸ್ತ್ರಿಯನ್ನೂ ಹಾಕಿಬಿಟ್ಟರೆ ಬಿಡಿಸುವ ಕೆಲಸ ಎರಡು ಪಟ್ಟಾಗುತ್ತದೆ. "ಒಣಗಿದ ಮೇಲೆ ನೋಡೋಣ" ಎಂದು ತಂತಿಗೆ ಹಾಕುವುದೇ ಈ ವಿಷಯದಲ್ಲಿ ಆಗುವ ಅತಿ ದೊಡ್ಡ ತಪ್ಪು.

ಲಂಗ ಬಣ್ಣ ಬಿಟ್ಟದ್ದಾದರೂ ಏಕೆ? ಹತ್ತಿಗೆ ಹಾಕುವ ಕೆಂಪು ಬಣ್ಣಗಳಲ್ಲಿ ಎರಡು ಬಗೆಯವು ಹೆಚ್ಚಾಗಿ ಕಾಣಸಿಗುತ್ತವೆ. ಒಂದು, ನೇರ ಬಣ್ಣ. ಬಿಸಿನೀರು ಮತ್ತು ಉಪ್ಪಿನೊಂದಿಗೆ ಕುದಿಸಿದರೆ ಸಾಕು, ಹತ್ತಿಗೆ ಹತ್ತುತ್ತದೆ. ಈ ಬಗೆಯ ಮೊದಲನೆಯ ಬಣ್ಣ 1884ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಾಂಗೊ ರೆಡ್. ಅದಕ್ಕೂ ಮೊದಲು ಹತ್ತಿಗೆ ಕೆಂಪು ಕಟ್ಟಬೇಕಾದರೆ ಪಟಿಕವೇ ಮುಂತಾದವನ್ನು ಮೊದಲು ಬಟ್ಟೆಗೆ ಹಿಡಿಸಿಕೊಳ್ಳಬೇಕಿತ್ತು. ನೇರ ಬಣ್ಣ ಅಗ್ಗ, ಕೆಲಸವೂ ಸುಲಭ. ಆದರೆ ಅದು ನೂಲಿಗೆ ಬೆಸೆದುಕೊಂಡಿರುವುದಿಲ್ಲ, ಆತುಕೊಂಡಿರುತ್ತದೆ ಅಷ್ಟೆ. ಹತ್ತಿದ ದಾರಿಯಲ್ಲೇ ಪ್ರತಿ ಒಗೆತದಲ್ಲೂ ಸ್ವಲ್ಪ ಸ್ವಲ್ಪ ಇಳಿದುಹೋಗುತ್ತದೆ. ಇನ್ನೊಂದು ಬಗೆ ರಿಯಾಕ್ಟಿವ್ ಬಣ್ಣ. ಇದು ನೂಲಿನೊಂದಿಗೆ ನಿಜವಾಗಿಯೇ ಬೆಸೆಯುತ್ತದೆ, ಆದರೆ ಹಾಕಿದ್ದೆಲ್ಲ ಬೆಸೆಯುವುದಿಲ್ಲ. ಒಂದು ಪಾಲು ನೀರಿನೊಂದಿಗೇ ವರ್ತಿಸಿ ಕೆಲಸಕ್ಕೆ ಬಾರದಂತಾಗಿ, ಬಟ್ಟೆಯೊಳಗೆ ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ಅದನ್ನು ಘಟಕದಲ್ಲೇ ಹಲವು ನೀರುಗಳಲ್ಲಿ ಜಾಲಿಸಿ, ಸೋಪಿನಲ್ಲಿ ಕುದಿಸಿ ತೆಗೆಯಬೇಕು. ನೀರು, ಸೌದೆ, ಸಮಯ ಉಳಿಸಲು ಹೊರಟವರು ಕತ್ತರಿ ಹಾಕುವುದು ಇಲ್ಲಿಯೇ. ತಿಳಿ ಬಣ್ಣದ ಬಟ್ಟೆಯಲ್ಲಿ ಈ ಉಳಿಕೆ ಕಡಿಮೆ ಇರುವುದರಿಂದ ಗೊತ್ತಾಗುವುದಿಲ್ಲ. ಕಡು ಕೆಂಪಿಗೆ ಬಣ್ಣ ಬಹಳ ಬೇಕು, ಉಳಿಕೆಯೂ ಬಹಳ. ಘಟಕದಲ್ಲಿ ಆಗಬೇಕಿದ್ದ ಕೊನೆಯ ತೊಳೆತ ನಮ್ಮ ಮನೆಯ ಬಚ್ಚಲಲ್ಲಿ ಆಗುತ್ತದೆ.

ನಾನು ಹೋಗುವಷ್ಟರಲ್ಲಿ ಪಕ್ಕದ ಮನೆಯವರು ಎರಡು ಹಿಡಿ ಕಲ್ಲುಪ್ಪು ತಂದುಕೊಟ್ಟಿದ್ದರು. ಅವರ ಅಕ್ಕರೆ ದೊಡ್ಡದು. ಆದರೆ ಉಪ್ಪನ್ನು ನಾನು ಹಾಕಗೊಡಲಿಲ್ಲ. ಬಣ್ಣದ ಘಟಕದಲ್ಲಿ ಉಪ್ಪು ಹಾಕುವುದು ಬಣ್ಣ ನೀರನ್ನು ಬಿಟ್ಟು ನೂಲಿನ ಕಡೆಗೆ ಓಡಲಿ ಎಂದು. ನೀರಿನಲ್ಲಿ ನೆನೆದ ಹತ್ತಿಗೂ ಬಣ್ಣಕ್ಕೂ ಒಂದೇ ಬಗೆಯ ವಿದ್ಯುದಂಶವಿದ್ದು ಅವು ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪು ಆ ದೂಡಾಟವನ್ನು ತಗ್ಗಿಸುತ್ತದೆ. ಹಾಗಾಗಿ ಕೆಂಪು ನೀರಿನಲ್ಲಿರುವ ಬಿಳಿ ಬಟ್ಟೆಗೆ ಉಪ್ಪು ಹಾಕಿದರೆ ನಾವೇ ಕೈಯಾರೆ ಬಣ್ಣ ಹಾಕಿದಂತಾಗುತ್ತದೆ. ವಿನಿಗರ್ ಕೂಡ ಇಲ್ಲಿ ಉಪಕಾರಕ್ಕೆ ಬರುವುದಿಲ್ಲ. ಹುಳಿಯಿಂದ ಬಣ್ಣ ಹಿಡಿಯುವುದು ರೇಷ್ಮೆ, ಉಣ್ಣೆ, ನೈಲಾನ್‌ಗಳಿಗೆ. ಈ ಗಂಟಿನಲ್ಲಿ ನೈಲಾನ್ ಕಾಲುಚೀಲಗಳೂ ಇದ್ದವು ಎಂಬುದು ನೆನಪಿರಲಿ.

ಮೊದಲು ಮಾಡಿದ್ದು ಬರೀ ನೀರಿನ ಕೆಲಸ. ತಣ್ಣೀರಿನಲ್ಲಿ ಜಾಲಿಸುವುದು, ಚೆಲ್ಲುವುದು, ಹೊಸ ನೀರು ತುಂಬುವುದು. ನೀರು ಹೆಚ್ಚಿದ್ದು ಬಟ್ಟೆ ಕಡಿಮೆಯಿರಬೇಕು. ಆದ್ದರಿಂದ ಎಲ್ಲವನ್ನೂ ಒಂದೇ ಬಕೆಟ್‌ಗೆ ತುರುಕದೆ ಎರಡು ಮೂರು ಪಾಲು ಮಾಡಿಕೊಂಡೆವು. ಬಣ್ಣ ಬಟ್ಟೆಗೂ ನೀರಿಗೂ ನಡುವೆ ಹಂಚಿಕೊಳ್ಳುತ್ತದೆ. ನೀರಿನಲ್ಲಿ ಬಣ್ಣ ಕಡಿಮೆಯಿದ್ದಷ್ಟೂ ಬಟ್ಟೆಯಿಂದ ಹೊರಗೆ ಬರುತ್ತದೆ. ನಾಲ್ಕನೆಯ ನೀರು ಬಿಳಿ ಮಗ್‌ನಲ್ಲಿ ನೋಡಿದರೂ ತಿಳಿಯಾಗಿ ಕಂಡಿತು. ಆಮೇಲೆ ಬಿಸಿನೀರು ಮತ್ತು ಸೋಪಿನ ಪುಡಿ. ಈ ಕ್ರಮ ತಲೆಕೆಳಗಾಗಬಾರದು. ನೀರು ಕೆಂಪಗಿರುವಾಗಲೇ ಬಿಸಿ ಮಾಡಿದರೆ ಬಣ್ಣ ನೂಲಿನ ಒಳಕ್ಕೆ ಇಳಿಯುತ್ತದೆ. ನೀರು ತಿಳಿಯಾದ ಮೇಲೆ ಬಿಸಿ ಮಾಡಿದರೆ ಅದೇ ಬಿಸಿ ಬಣ್ಣವನ್ನು ಹೊರಗೆ ಎಳೆಯುತ್ತದೆ. ಘಟಕದಲ್ಲೂ ಹೀಗೆಯೇ, ಮೊದಲು ತಣ್ಣೀರು, ಕೊನೆಗೆ ಕುದಿನೀರು. ತಂಗಿಯ ಮನೆಯದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಸುಣ್ಣದಂಶ ಬಣ್ಣವನ್ನು ಸುಲಭವಾಗಿ ಬಿಡಗೊಡುವುದಿಲ್ಲವೆಂದು ಬಕೆಟ್‌ಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿಸಿದೆ.

ಸೋಪಿನಿಂದ ತೆಗೆದಾಗ ಕಡು ಗುಲಾಬಿ ತಿಳಿ ಗುಲಾಬಿಯಾಗಿತ್ತು. ಇಲ್ಲಿ ನಿಂತು ಬಟ್ಟೆಯನ್ನು ಹತ್ತಿರದಿಂದ ನೋಡಬೇಕು. ಬೆಡ್‌ಶೀಟಿನ ಮಡಿಕೆಯನ್ನು ಕಿಟಕಿಯ ಬಳಿ ಹಿಡಿದು ತಂಗಿಗೆ ತೋರಿಸಿದೆ. ಬಟ್ಟೆಯೆಲ್ಲ ಗುಲಾಬಿ, ಅಂಚು ಹೊಲಿದ ದಾರ ಮಾತ್ರ ಅಚ್ಚ ಬಿಳಿ, ಗುಲಾಬಿ ನೆಲದ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳ ಸಾಲು. ಈಗಿನ ಹೊಲಿಗೆಯ ದಾರ ಹೆಚ್ಚಾಗಿ ಪಾಲಿಯೆಸ್ಟರ್. ಹತ್ತಿಯನ್ನು ಹಿಡಿಯುವ ಬಣ್ಣಗಳು ಪಾಲಿಯೆಸ್ಟರನ್ನು ಮುಟ್ಟುವುದಿಲ್ಲ. ಲಂಗದ ಬಣ್ಣ ಹತ್ತಿಯದೇ ಜಾತಿ ಎಂಬುದಕ್ಕೆ ಆ ದಾರವೇ ಸಾಕ್ಷಿಯಾಯಿತು. ಸಮವಸ್ತ್ರದ ಅಂಗಿಗಳು ಉಳಿದವುಗಳಿಗಿಂತ ತಿಳಿಯಾಗಿದ್ದುದೂ ಇದೇ ಕಾರಣಕ್ಕೆ, ಅವುಗಳಲ್ಲಿ ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆತಿದೆ. ಕಾಲುಚೀಲಗಳು ಮಾತ್ರ ಎಲ್ಲಕ್ಕಿಂತ ಗಾಢವಾಗಿದ್ದವು. ನೈಲಾನ್ ಇಂಥ ಬಣ್ಣಗಳನ್ನು ಬಹಳ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅವು ತೊಂದರೆ ಕೊಡುತ್ತವೆ ಎಂದು ಆಗಲೇ ಹೇಳಿದೆ.

ಬಟ್ಟೆಯ ಮೇಲೆ ಉಳಿದದ್ದು ಈಗ ನೀರಿಗೆ ಬಗ್ಗುವ ಬಣ್ಣವಲ್ಲ. ಅದನ್ನು ಒಡೆಯಬೇಕು. ಇದಕ್ಕೆ ನಾನು ಮೊದಲು ಕೈಹಾಕುವುದು ಸೋಡಿಯಂ ಪರ್ಕಾರ್ಬೊನೇಟ್‌ಗೆ. ಕಲೆ ತೆಗೆಯುವ 'ಆಕ್ಸಿ' ಪುಡಿಗಳ ಜೀವಾಳ ಇದೇ. ಬಿಡಿಯಾಗಿಯೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಿಸಿನೀರಿಗೆ ಬಿದ್ದರೆ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬೇರ್ಪಡುತ್ತದೆ. ಪೆರಾಕ್ಸೈಡ್ ಬಣ್ಣದ ಅಣುವನ್ನು ಕಡಿಯುತ್ತದೆ, ಸೋಡಾದ ಕ್ಷಾರ ಆ ಕೆಲಸಕ್ಕೆ ವೇಗ ಕೊಡುತ್ತದೆ. ಹಿಂದೆ ಮಡಿವಾಳರು ಸವಳು ಮಣ್ಣು ಬೆರೆಸಿ ಉಬ್ಬೆ ಹಾಕಿ, ಬಿಸಿಲಿನಲ್ಲಿ ಹರವಿ ಬಟ್ಟೆ ಬೆಳ್ಳಗೆ ಮಾಡುತ್ತಿದ್ದಾಗಲೂ ಇದ್ದದ್ದು ಕ್ಷಾರ, ಬಿಸಿ, ಬೆಳಕುಗಳ ಇಂಥದೇ ಕೂಟ.

ತಣ್ಣೀರಿನಲ್ಲಿ ಈ ಪುಡಿ ತೂಕಡಿಸುತ್ತದೆ. 50 ಡಿಗ್ರಿಯ ಆಸುಪಾಸು ಬೇಕು. ಥರ್ಮಾಮೀಟರ್ ಇಲ್ಲದವರು ನಾಲ್ಕು ಲೀಟರ್ ಕುದಿಯುವ ನೀರಿಗೆ ಆರು ಲೀಟರ್ ನಲ್ಲಿ ನೀರು ಬೆರೆಸಿದರೆ ಸರಿಯಾಗಿ ಅಲ್ಲಿಗೆ ಬರುತ್ತದೆ. ಈ ಹತ್ತು ಲೀಟರಿಗೆ ಸುಮಾರು 100 ಗ್ರಾಂ ಶುದ್ಧ ಪುಡಿ ಹಾಕಿ, ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಬೇಕು. ಅಂಗಡಿಯ ಆಕ್ಸಿ ಪುಡಿಯಾದರೆ ಪೊಟ್ಟಣದ ಮೇಲಿನ ಅಳತೆಯನ್ನೇ ಹಿಡಿಯುವುದು ಒಳ್ಳೆಯದು. ಬಟ್ಟೆ ಮೇಲಕ್ಕೆ ತೇಲದಂತೆ ಒಂದು ತಟ್ಟೆ ಕವುಚಿಡಬಹುದು. ಬಿಗಿಯಾದ ಮುಚ್ಚಳ ಮಾತ್ರ ಬೇಡ, ಒಳಗೆ ಆಮ್ಲಜನಕ ಹುಟ್ಟುತ್ತಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಬಚ್ಚಲ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳಿ, ಆದರೆ ಅದರಲ್ಲೇ ನೆನೆಹಾಕಬೇಡಿ. ತಾಮ್ರ, ಕಬ್ಬಿಣ ಸೋಕಿದರೆ ಪೆರಾಕ್ಸೈಡ್ ಒಮ್ಮೆಲೇ ಒಡೆದುಹೋಗುತ್ತದೆ. ಬಟ್ಟೆಯ ಮೇಲೆ ತುಕ್ಕಿನ ಕಲೆಯಿದ್ದರೆ ಆ ಜಾಗದಲ್ಲಿ ನೂಲು ಸುಟ್ಟಂತೆ ಪೊಳ್ಳಾಗಿ ತೂತು ಬೀಳುವುದೂ ಉಂಟು. ರೇಷ್ಮೆ, ಉಣ್ಣೆಗಳಿಗೆ ಈ ಕ್ಷಾರ ತಡೆಯುವುದಿಲ್ಲ. ಅವನ್ನು ಇದರ ಹತ್ತಿರಕ್ಕೂ ತರಬಾರದು.

ರಾತ್ರಿ ಒಂಬತ್ತಕ್ಕೆ ನೆನೆಹಾಕಿ ಮಲಗಿದೆವು. ಬೆಳಗ್ಗೆ ಬನಿಯನ್‌ಗಳು ಬೆಳ್ಳಗಾಗಿದ್ದವು. ಬೆಡ್‌ಶೀಟ್ ಬಹುತೇಕ ಬಿಳಿ, ಹೊಲಿಗೆಯ ದಾರದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಒಂದು ಎಳೆಯಷ್ಟು ಗುಲಾಬಿ. ಪಂಚೆಯೂ ಅಷ್ಟೇ. ಅಂಗಿಗಳ ಕಾಲರ್ ಮತ್ತು ಜೇಬಿನ ದಪ್ಪ ಭಾಗಗಳಲ್ಲಿ ಬಣ್ಣ ಉಳಿದಿತ್ತು. ಕಾಲುಚೀಲಗಳು ಹೆಚ್ಚೇನೂ ಕದಲಿರಲಿಲ್ಲ. ರಾತ್ರಿಯ ನೀರು ತಣ್ಣಗಾಗಿ ಪುಡಿಯ ಶಕ್ತಿ ಮುಗಿದಿರುತ್ತದೆ. ಅದರಲ್ಲೇ ಇನ್ನೊಂದು ದಿನ ಬಿಟ್ಟರೂ ಫಲವಿಲ್ಲ. ಹೊಸ ಬಿಸಿನೀರು, ಹೊಸ ಪುಡಿ ಬೇಕು. ಪಂಚೆ, ಬೆಡ್‌ಶೀಟ್‌ಗಳಿಗೆ ಅದನ್ನೇ ಮಾಡಿದೆವು, ಮಧ್ಯಾಹ್ನದ ಹೊತ್ತಿಗೆ ಎರಡೂ ಗೆದ್ದವು. ಪಂಚೆಯ ಹಸಿರಂಚು ಒಂದಿಷ್ಟೂ ಮಾಸಿರಲಿಲ್ಲ. ಮಾವನವರು ಅದನ್ನು ಮೊದಲು ನೋಡಿದರು.

ಅಂಗಿಗೆ ಮಾತ್ರ ಮರುದಿನದ ಗಡುವು. ಹಾಗಾಗಿ ಎರಡನೆಯ ಮದ್ದಿಗೆ ಹೋದೆ. ಇದರ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣದವರ ಬಾಯಲ್ಲಿ ಹೈಡ್ರೋಸ್. ಮಂಡ್ಯದ ಕಡೆಯವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. ಆಲೆಮನೆಗಳಲ್ಲಿ ಕಪ್ಪು ಬೆಲ್ಲವನ್ನು ಹೊಂಬಣ್ಣಕ್ಕೆ ತಿರುಗಿಸಲು ಸುರಿಯುವ ಪುಡಿಯೂ ಇದೇ. ಹೊಟ್ಟೆಗೆ ಹೋಗಬಾರದ ವಸ್ತು ಅಲ್ಲಿ ಮಾಡುವ ಕೆಲಸವನ್ನು ಬಟ್ಟೆಯ ಮೇಲೆ ಮಾಡಿದರೆ ಅದು ಸರಿಯಾದ ಜಾಗ. ಪೆರಾಕ್ಸೈಡ್ ಬಣ್ಣಕ್ಕೆ ಆಮ್ಲಜನಕ ಕೊಟ್ಟು ಒಡೆದರೆ ಹೈಡ್ರೋಸ್ ಅದಕ್ಕೆ ತದ್ವಿರುದ್ಧ, ಅಪಕರ್ಷಣದಿಂದ ಒಡೆಯುತ್ತದೆ. ಕೆಂಪು ಬಣ್ಣಗಳಲ್ಲಿ ಹೆಚ್ಚಿನವು ಅಜೋ ಬಣ್ಣಗಳು. ಎರಡು ನೈಟ್ರೋಜನ್ ಪರಮಾಣುಗಳ ಒಂದು ಸೇತುವೆ ಅವುಗಳ ಅಣುವಿನ ನಡುವೆ ಇರುತ್ತದೆ. ಬಣ್ಣ ಕಾಣುವುದೇ ಆ ಸೇತುವೆಯಿಂದ. ಹೈಡ್ರೋಸ್ ನೇರವಾಗಿ ಅದನ್ನೇ ಮುರಿಯುತ್ತದೆ. ಅಣು ಎರಡು ತುಂಡಾಗಿ ಬಣ್ಣ ಕಳೆದುಕೊಳ್ಳುತ್ತದೆ, ಮತ್ತೆ ಕೂಡುವುದಿಲ್ಲ.

ಮೊದಲು ಪರ್ಕಾರ್ಬೊನೇಟ್ ಪೂರ್ತಿ ಹೋಗುವಂತೆ ಅಂಗಿಗಳನ್ನು ಮೂರು ನೀರಿನಲ್ಲಿ ಜಾಲಿಸಿದೆವು. ಒಂದು ಮದ್ದಿನ ಉಳಿಕೆಯಿದ್ದರೆ ಇನ್ನೊಂದನ್ನು ಅದು ನುಂಗಿಹಾಕುತ್ತದೆ. ಅಡುಗೆಗೆ ಬಳಸದ ಹಳೆಯ ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರನ್ನು 60–70 ಡಿಗ್ರಿಗೆ, ಅಂದರೆ ಹಬೆಯೇಳುತ್ತಿದ್ದು ಇನ್ನೂ ಕುದಿಯದ ಹದಕ್ಕೆ ಕಾಯಿಸಿ ಒಲೆ ಆರಿಸಿದೆ. ಲೀಟರಿಗೆ ಐದು ಗ್ರಾಂನಂತೆ 20 ಗ್ರಾಂ ವಾಷಿಂಗ್ ಸೋಡಾ, ಅಷ್ಟೇ ಹೈಡ್ರೋಸ್. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಸ್ವಲ್ಪ ತೇವ ತಾಕಿದರೂ ಈ ಪುಡಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಡಬ್ಬವನ್ನು ಬಚ್ಚಲಲ್ಲಿ ಇಡಲೇಬಾರದು. ಕಿಟಕಿ ತೆರೆದಿರಬೇಕು, ಕೈಗೆ ರಬ್ಬರ್ ಕೈಗವಸು ಇರಬೇಕು. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವಂಥ ಗಂಧಕದ ಘಾಟು ಬರುತ್ತದೆ, ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಬಾರದು. ಹುಳಿ ಬಿದ್ದರೆ ಘಾಟು ಇನ್ನೂ ಏರುತ್ತದೆ. ಬ್ಲೀಚ್‌ನೊಂದಿಗೆ ಇದು ಎಂದೂ ಸೇರಬಾರದು.

ಅಂಗಿ ಮುಳುಗಿಸಿ ಮರದ ಕೋಲಿನಿಂದ ತಿರುವುತ್ತಿದ್ದಂತೆ ಕಾಲರಿನ ಗುಲಾಬಿ ಕಣ್ಣೆದುರೇ ತೆಳುವಾಗುತ್ತಾ ಹೋಗಿ, ಐದಾರು ನಿಮಿಷದಲ್ಲಿ ಇರಲೇ ಇಲ್ಲವೆಂಬಂತಾಯಿತು. ತಂಗಿ ಬಗ್ಗಿ ನೋಡಿ ಪಾತ್ರೆಯ ನೀರಿನಲ್ಲಿ ಕೆಂಪು ಹುಡುಕಿದಳು. ಅಲ್ಲಿಯೂ ಇರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ತೆಗೆದು, ನಾಲ್ಕು ಸಲ ಜಾಲಿಸಿ, ಸೋಪಿನಲ್ಲಿ ಒಗೆದೆವು.

ಇಲ್ಲಿ ಒಂದು ಪರೀಕ್ಷೆ ಇದೆ. ಪಾತ್ರೆಯಿಂದ ತೆಗೆದ ಬಟ್ಟೆಯನ್ನು ಕಾಲು ಗಂಟೆ ಗಾಳಿಗೆ ಹಿಡಿದು ನೋಡಬೇಕು. ಗುಲಾಬಿ ಮರಳಿ ಬಂದರೆ ಅದು ಅಜೋ ಬಣ್ಣವಲ್ಲ. ಹೈಡ್ರೋಸ್‌ನಲ್ಲಿ ಬಣ್ಣ ಕಳೆದುಕೊಂಡು ಗಾಳಿಯ ಆಮ್ಲಜನಕ ಸಿಕ್ಕ ಕೂಡಲೇ ಮತ್ತೆ ತಲೆಯೆತ್ತುವ ಬಣ್ಣಗಳಿವೆ. ಜೀನ್ಸಿನ ನೀಲಿ ಅಂಥದು. ಆಗ ಹೈಡ್ರೋಸನ್ನು ಇನ್ನಷ್ಟು ಸುರಿದು ಪ್ರಯೋಜನವಿಲ್ಲ, ಪರ್ಕಾರ್ಬೊನೇಟ್‌ಗೇ ಹಿಂದಿರುಗಬೇಕು. ನಮ್ಮ ಅಂಗಿಗಳು ಗಾಳಿಗೂ ಬಿಳಿಯಾಗಿಯೇ ಉಳಿದವು.

ಹೈಡ್ರೋಸ್‌ಗೆ ಬೇಕಾದ ಬಣ್ಣ, ಬೇಡವಾದ ಬಣ್ಣ ಎಂಬ ಭೇದವಿಲ್ಲ. ಪಂಚೆಯನ್ನು ಅದಕ್ಕೆ ಹಾಕದೇ ಇದ್ದುದು ಅದರ ಹಸಿರಂಚಿಗಾಗಿ. ಅಂಗಿಯ ಜೇಬಿನ ಮೇಲೆ ಶಾಲೆಯ ಲಾಂಛನ ಹೊಲಿದಿದ್ದರೆ ಮೊದಲು ಬಿಚ್ಚಬೇಕು. ಲೋಹದ ಕೊಕ್ಕೆ, ಗುಂಡಿಗಳು ಕಪ್ಪಾಗುತ್ತವೆ, ಜರಿಗೂ ಇದು ಆಗದು. ರೇಷ್ಮೆ ಸೀರೆಗೆ ಬಣ್ಣ ಹತ್ತಿದರೆ ಮನೆಯಲ್ಲಿ ಏನನ್ನೂ ಪ್ರಯೋಗಿಸದೆ, ಒದ್ದೆಯಾಗಿರುವಾಗಲೇ ಅನುಭವಿ ಡ್ರೈಕ್ಲೀನಿಂಗ್‌ನವರಿಗೆ ಒಯ್ಯಿರಿ ಎಂದೇ ನಾನು ಹೇಳುವುದು.

ಕ್ಲೋರಿನ್ ಬ್ಲೀಚ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಅದನ್ನು ಕೊನೆಗಿಡುತ್ತೇನೆ. ಅಚ್ಚ ಹತ್ತಿಯ ಅಚ್ಚ ಬಿಳಿ ಬಟ್ಟೆಗೆ ಅದು ಕೆಲಸ ಮಾಡುತ್ತದೆ. ಎಂಟು ಲೀಟರ್ ತಣ್ಣೀರಿಗೆ ಸುಮಾರು 100 ಮಿಲಿಲೀಟರ್ ಮನೆಬಳಕೆಯ ಬ್ಲೀಚ್, ಹತ್ತು ನಿಮಿಷ, ಅಷ್ಟೇ. ಅದಕ್ಕಿಂತ ಹೆಚ್ಚಾದರೆ ನೂಲು ಸವೆಯುತ್ತದೆ. ನೈಲಾನ್ ಮತ್ತು ಎಲಾಸ್ಟಿಕ್ ಇದರಿಂದ ಹಳದಿಗೆ ತಿರುಗುತ್ತವೆ, ಆ ಹಳದಿ ಹಿಂದಿರುಗುವುದಿಲ್ಲ. ಕೆಲವು ಕೆಂಪುಗಳೂ ಪೂರ್ತಿ ಹೋಗದೆ ಹಳದಿ ಛಾಯೆ ಬಿಟ್ಟುಹೋಗುತ್ತವೆ. ವಿನಿಗರ್ ಅಥವಾ ಶೌಚಾಲಯ ತೊಳೆಯುವ ಆಸಿಡ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ.

ಇನ್ನೊಂದು ಮಾತು ನೀಲಿಯ ಬಗ್ಗೆ. ಬಟ್ಟೆಯಲ್ಲಿ ಗುಲಾಬಿ ಇನ್ನೂ ಉಳಿದಿರುವಾಗ ನೀಲಿ ಹಾಕಿದರೆ ಅದು ಮರೆಯಾಗುವುದಿಲ್ಲ, ನೇರಳೆಯಾಗುತ್ತದೆ. ನೀಲಿ ಮುಚ್ಚುವುದು ಹಳದಿಯನ್ನು ಮಾತ್ರ. ಗುಲಾಬಿ ಪೂರ್ತಿ ಹೋದದ್ದು ಹಗಲು ಬೆಳಕಿನಲ್ಲಿ ಖಚಿತವಾದ ಮೇಲೆಯೇ ನೀಲಿಯ ಬಾಟಲಿ ತೆರೆಯಬೇಕು. ಬಲ್ಬಿನ ಬೆಳಕಿನಲ್ಲಿ ತಿಳಿ ಗುಲಾಬಿ ಕಣ್ಣಿಗೆ ಬೀಳುವುದೇ ಇಲ್ಲ.

ಕಾಲುಚೀಲಗಳನ್ನೂ ಅಂಗಿಗಳ ನಂತರ ಅದೇ ಪಾತ್ರೆಗೆ ಹಾಕಿ ನೋಡಿದೆವು. ಮುಕ್ಕಾಲು ಪಾಲು ಹೋಯಿತು. ಆದರೆ ಹಿಮ್ಮಡಿಯ ದಪ್ಪ ಹೆಣಿಗೆಯಲ್ಲಿ ಗುಲಾಬಿ ನಿಂತುಬಿಟ್ಟಿತು. ಇನ್ನೂ ಬಿಸಿ ಮಾಡಿದರೆ ಎಲಾಸ್ಟಿಕ್ ಸಡಿಲವಾಗುತ್ತದೆ. ಬೂಟಿನೊಳಗೆ ಮರೆಯಾಗುವ ಜಾಗವೆಂದು ಅಲ್ಲಿಗೇ ಬಿಟ್ಟೆವು. ಮೆಷಿನ್‌ನ ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಎರಡು ಚಮಚದಷ್ಟು ಕೆಂಪು ನೀರು ನಿಂತಿತ್ತು. ಅದನ್ನು ಒರೆಸಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿದ ಮೇಲೆಯೇ ಬೇರೆ ಬಟ್ಟೆ ಹಾಕಲು ಬಿಟ್ಟೆ.

ಉಳಿದದ್ದು ಲಂಗ. ಅದನ್ನು ಬೇರೆಯಾಗಿ ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿ ಸೋಪಿನ ನೀರಿನಲ್ಲಿ ಅದ್ದಿದರೆ ನೀರು ದಾಳಿಂಬೆ ರಸದಂತಾಯಿತು. ಎರಡನೆಯ ನೀರು, ಮೂರನೆಯ ನೀರು ಕಡಿಮೆಯಾಗುತ್ತಾ ಹೋದವು. ರಿಯಾಕ್ಟಿವ್ ಬಣ್ಣವಾಗಿದ್ದರೆ ಸಡಿಲವಾದದ್ದೆಲ್ಲ ಹೋದ ಮೇಲೆ ನೀರು ತಿಳಿಯಾಗಿಯೇ ನಿಲ್ಲಬೇಕು. ನೇರ ಬಣ್ಣವಾಗಿದ್ದರೆ ಎಷ್ಟು ಸಲ ತೊಳೆದರೂ ಒಂದು ಛಾಯೆ ಬರುತ್ತಲೇ ಇರುತ್ತದೆ. ಇದನ್ನು ತಿಳಿಯಲು ಒಂದು ಹಳೆಯ ಬಿಳಿ ಹತ್ತಿ ಕರವಸ್ತ್ರವನ್ನು ಒದ್ದೆ ಮಾಡಿ, ಲಂಗದ ಒಳಮಡಿಕೆಯ ಮೇಲಿಟ್ಟು, ಬಿಸಿ ಇಸ್ತ್ರಿಯನ್ನು ಅರ್ಧ ನಿಮಿಷ ಒತ್ತಿದೆ. ಏಳನೆಯ ನೀರಿನ ನಂತರವೂ ಕರವಸ್ತ್ರದ ಮೇಲೆ ಲಂಗದ ನೇಯ್ಗೆಯ ಗೆರೆಗಳು ತೆಳು ಕೆಂಪಿನಲ್ಲಿ ಮೂಡಿದವು. ತಂಗಿ ಅದನ್ನು ನೋಡಿ, ಲಂಗಕ್ಕೆಂದೇ ಬಚ್ಚಲಲ್ಲಿ ಬೇರೆ ಬಕೆಟ್ ಇಟ್ಟಳು.